(1+x)^n ≥ 1+nx: ಬಡ್ಡಿ ಲೆಕ್ಕ ಹಿಡಿದು ಸಾಧಿಸುವುದು ಹೇಗೆ, ಬಳಸುವುದು ಎಲ್ಲಿ

ಹನುಮಂತನಗರದ ನಮ್ಮ ಮನೆಯ ಮಹಡಿ ಮೇಲೆ ಸಂಜೆ ಹೊತ್ತು ಕೆಲವು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೋದ ತಿಂಗಳು ಬಿ.ಎಸ್ಸಿ. ಮೊದಲ ವರ್ಷದ ಹುಡುಗಿಯೊಬ್ಬಳು ಟೆಸ್ಟ್ ಪೇಪರ್ ತಂದು ಮುಂದಿಟ್ಟಳು. "ಸರ್, ಕೊನೆ ಸಾಲು ಸರಿಯಾಗೇ ಬಂದಿದೆ. ಆದ್ರೂ ಐದಕ್ಕೆ ಮೂರು ಕೊಟ್ಟಿದ್ದಾರೆ" ಅಂದಳು. ಪ್ರಶ್ನೆ ಬರ್ನೂಲಿ ಅಸಮತೆಯದು. ಅವಳ ಸಾಧನೆ ಆರೇ ಸಾಲು. ನಾಲ್ಕನೇ ಸಾಲಿನ ಸುತ್ತ ಕೆಂಪು ಶಾಯಿಯ ಒಂದು ಸುತ್ತು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ಅವಳು ಎರಡೂ ಕಡೆಯನ್ನು 1+x ಇಂದ ಗುಣಿಸಿದ್ದಳು. ಯಾಕೆ ಗುಣಿಸಬಹುದು ಅಂತ ಒಂದು ಮಾತೂ ಬರೆದಿರಲಿಲ್ಲ.

ನಾನು ಹೇಳಿದೆ, "ಒಂದು ಕೆಲಸ ಮಾಡಮ್ಮ. x ಜಾಗದಲ್ಲಿ -4 ಹಾಕು, n ಜಾಗದಲ್ಲಿ 3 ಹಾಕು." ಅವಳು ಹಾಕಿದಳು. ಎಡಗಡೆ (-3)^3, ಅಂದರೆ -27. ಬಲಗಡೆ 1-12, ಅಂದರೆ -11. -27 ಅನ್ನೋದು -11ಕ್ಕಿಂತ ಚಿಕ್ಕದು. ಅಸಮತೆ ಬಿದ್ದೇಹೋಯಿತು. ಅವಳ ಆರು ಸಾಲಿನಲ್ಲಿ x ಎಷ್ಟಿರಬೇಕು ಅಂತ ಎಲ್ಲೂ ಇರಲಿಲ್ಲ. ಹಾಗಾಗಿ ಅವಳ ಸಾಧನೆ -4ಕ್ಕೂ ಸಾಲಬೇಕಿತ್ತು. ಸುಳ್ಳು ಮಾತನ್ನೂ ಸಾಧಿಸಿಕೊಡುವ ಸಾಧನೆಯಲ್ಲಿ ಎಲ್ಲೋ ಒಂದು ತೂತು ಇರಲೇಬೇಕಲ್ವಾ?

ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಮೊದಲು ಸಾಧಿಸಬೇಕಾದ ಮಾತು ಇದು: x ಎಂಬುದು -1 ಅಥವಾ ಅದಕ್ಕಿಂತ ದೊಡ್ಡ ಯಾವುದೇ ಸಂಖ್ಯೆ, n ಎಂಬುದು 1, 2, 3 ಹೀಗೆ ಯಾವುದೇ ಸ್ವಾಭಾವಿಕ ಸಂಖ್ಯೆ. ಆಗ

(1+x)^n ≥ 1+nx

ಹೆಸರು ಜೇಕಬ್ ಬರ್ನೂಲಿಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನವನು, 1655ರಲ್ಲಿ ಹುಟ್ಟಿ 1705ರಲ್ಲಿ ತೀರಿಕೊಂಡ. ಅನಂತ ಶ್ರೇಣಿಗಳ ಬಗ್ಗೆ 1689ರಲ್ಲಿ ಪ್ರಕಟಿಸಿದ ಬರಹದಲ್ಲಿ ಇದನ್ನು ಬಳಸಿದ್ದಾನೆ. ಚಕ್ರಬಡ್ಡಿಯ ಲೆಕ್ಕವೂ ಅವನ ತಲೆ ತಿಂದ ವಿಷಯವೇ. ಹಾಗಾಗಿ ನಾನು ಇದನ್ನು ಯಾವಾಗಲೂ ಬಡ್ಡಿಯಿಂದಲೇ ಶುರು ಮಾಡುತ್ತೇನೆ.

ಮೊದಲು ಕೈಯಲ್ಲಿ ಹಿಡಿದು ನೋಡೋಣ

ನಮ್ಮಲ್ಲಿ ಕೈಸಾಲ ಕೊಡುವವರು ಬಡ್ಡಿಯನ್ನು ಹೇಳುವ ರೀತಿ ನಿಮಗೆ ಗೊತ್ತು: "ನೂರಕ್ಕೆ ಎರಡು ರೂಪಾಯಿ." ಅಂದರೆ ತಿಂಗಳಿಗೆ ನೂರು ರೂಪಾಯಿಗೆ ಎರಡು ರೂಪಾಯಿ ಬಡ್ಡಿ. ನಮ್ಮ ಭಾಷೆಯಲ್ಲಿ x = 0.02. ಹತ್ತು ಸಾವಿರ ಸಾಲ ತೆಗೆದುಕೊಂಡಿರಿ ಅಂತಿಟ್ಟುಕೊಳ್ಳಿ. ಬಡ್ಡಿ ಕಟ್ಟದೆ ಹಾಗೇ ಬಿಟ್ಟಿರಿ.

ಸರಳ ಬಡ್ಡಿಯಾದರೆ ಪ್ರತಿ ತಿಂಗಳು ಇನ್ನೂರು ಸೇರುತ್ತದೆ. ಮೂರು ತಿಂಗಳಿಗೆ 10,600. ಇದು 10,000 × (1+3x).

ಚಕ್ರಬಡ್ಡಿಯಾದರೆ ಮೊದಲ ತಿಂಗಳು 200. ಎರಡನೇ ತಿಂಗಳು 10,200ಕ್ಕೆ ಬಡ್ಡಿ, ಅಂದರೆ 204. ಮೂರನೇ ತಿಂಗಳು 10,404ಕ್ಕೆ ಬಡ್ಡಿ, ಅಂದರೆ 208 ರೂಪಾಯಿ 8 ಪೈಸೆ. ಒಟ್ಟು 10,612.08. ಇದು 10,000 × (1+x)^3.

ಎಡಗಡೆ ಚಕ್ರಬಡ್ಡಿ, ಬಲಗಡೆ ಸರಳ ಬಡ್ಡಿ. ಬರ್ನೂಲಿ ಅಸಮತೆ ಹೇಳುವುದು ಇಷ್ಟೇ: ಚಕ್ರಬಡ್ಡಿ ಸರಳ ಬಡ್ಡಿಗಿಂತ ಯಾವತ್ತೂ ಕಡಿಮೆ ಆಗುವುದಿಲ್ಲ. ಎರಡನೇ ತಿಂಗಳಿನ ಆ ಜಾಸ್ತಿ ನಾಲ್ಕು ರೂಪಾಯಿ ಇದೆಯಲ್ಲ, ಅದು ಬಡ್ಡಿಯ ಮೇಲಿನ ಬಡ್ಡಿ. 200ಕ್ಕೆ ನೂರಕ್ಕೆ ಎರಡರಂತೆ ನಾಲ್ಕು. ಈ ನಾಲ್ಕು ರೂಪಾಯಿಯನ್ನು ನೆನಪಿಟ್ಟುಕೊಳ್ಳಿ. ಸಾಧನೆಯಲ್ಲಿ ಅದು ಮತ್ತೆ ಬರುತ್ತದೆ.

ಇಂಡಕ್ಷನ್ ಸಾಧನೆ

ಮೊದಲ ಸಾಲಿನಲ್ಲೇ ಬರೆಯಿರಿ: x ≥ -1, ಆದ್ದರಿಂದ 1+x ≥ 0. ಇದು ಅಲಂಕಾರಕ್ಕೆ ಬರೆಯುವ ಸಾಲಲ್ಲ. ಮುಂದೆ ಒಂದೇ ಒಂದು ಕಡೆ ಇದು ಬೇಕಾಗುತ್ತದೆ, ಆ ಒಂದು ಕಡೆ ಇದಿಲ್ಲದೆ ನಡೆಯುವುದೇ ಇಲ್ಲ.

n = 1 ಆದಾಗ ಎಡಗಡೆ 1+x, ಬಲಗಡೆಯೂ 1+x. ಎರಡೂ ಸಮ, ಹಾಗಾಗಿ ಅಸಮತೆ ನಿಜ. ಮೊದಲ ತಿಂಗಳು ಎರಡೂ ಬಡ್ಡಿ ಒಂದೇ ಅಂತ ಆಗಲೇ ನೋಡಿದೆವು.

ಈಗ ಯಾವುದೋ ಒಂದು k ತಿಂಗಳಿನವರೆಗೆ ಮಾತು ನಿಜ ಅಂತ ಇಟ್ಟುಕೊಳ್ಳೋಣ:

(1+x)^k ≥ 1+kx

k+1ನೇ ತಿಂಗಳಿಗೆ ಹೋಗಬೇಕು. ಒಂದು ತಿಂಗಳು ಕಳೆಯುವುದು ಅಂದರೆ 1+x ಇಂದ ಒಮ್ಮೆ ಗುಣಿಸುವುದು. 1+x ಸೊನ್ನೆಗಿಂತ ಕಡಿಮೆ ಇಲ್ಲ, ಆದ್ದರಿಂದ ಎರಡೂ ಕಡೆ ಅದರಿಂದ ಗುಣಿಸಿದರೆ ಚಿಹ್ನೆ ತಿರುಗುವುದಿಲ್ಲ:

(1+x)^(k+1) ≥ (1+kx)(1+x)

ಬಲಗಡೆಯನ್ನು ಬಿಡಿಸಿ:

(1+kx)(1+x) = 1 + x + kx + kx² = 1 + (k+1)x + kx²

k ಧನ ಸಂಖ್ಯೆ. x² ವರ್ಗ, ಅದು ಯಾವತ್ತೂ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ, x ಮೈನಸ್ ಆಗಿದ್ದರೂ ಸರಿ. ಹಾಗಾಗಿ kx² ≥ 0. ಅದನ್ನು ಬಿಟ್ಟುಬಿಟ್ಟರೆ ಬಲಗಡೆ ಇನ್ನೂ ಚಿಕ್ಕದಾಗಬಹುದು, ಇಲ್ಲವೇ ಅಷ್ಟೇ ಇರಬಹುದು:

(1+x)^(k+1) ≥ 1+(k+1)x

ಇದೇ ನಮಗೆ ಬೇಕಾಗಿದ್ದದ್ದು. n = 1ಕ್ಕೆ ನಿಜ, ಒಂದು ತಿಂಗಳಿಗೆ ನಿಜವಾದರೆ ಮುಂದಿನ ತಿಂಗಳಿಗೂ ನಿಜ. ಆದ್ದರಿಂದ ಎಲ್ಲ n ಗೂ ನಿಜ. ಸಾಧನೆ ಮುಗಿಯಿತು.

ನಾವು ಬಿಟ್ಟುಬಿಟ್ಟ kx² ಏನು ಗೊತ್ತಾ? k = 1 ಹಾಕಿ. x² = 0.0004. ಹತ್ತು ಸಾವಿರದಿಂದ ಗುಣಿಸಿದರೆ ನಾಲ್ಕು ರೂಪಾಯಿ. ಅದೇ ಬಡ್ಡಿಯ ಮೇಲಿನ ಬಡ್ಡಿ! ಸಾಧನೆಯಲ್ಲಿ ನಾವು ಮಾಡಿದ್ದೆಲ್ಲ ಪ್ರತಿ ತಿಂಗಳೂ ಆ ಚಿಲ್ಲರೆಯನ್ನು ಲೆಕ್ಕದಿಂದ ಕೈಬಿಟ್ಟದ್ದು. ಇದು ಗೊತ್ತಾದರೆ ಎರಡು ಕಡೆ ಯಾವಾಗ ಸಮ ಅನ್ನುವುದೂ ಗೊತ್ತಾಗುತ್ತದೆ. x = 0 ಆದರೆ ಬಿಡಲು ಏನೂ ಇಲ್ಲ. n = 1 ಆದರೆ ಇನ್ನೂ ಬಿಟ್ಟೇ ಇಲ್ಲ. ಉಳಿದ ಎಲ್ಲ ಕಡೆ ಎಡಗಡೆ ಖಂಡಿತ ದೊಡ್ಡದು.

ಬರೆಯುವಾಗ ಇನ್ನೊಂದು ತಪ್ಪು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಕೆಲವರು (1+x)^(k+1) ≥ 1+(k+1)x ಎಂಬುದನ್ನೇ ಮೊದಲ ಸಾಲಿನಲ್ಲಿ ಬರೆದುಬಿಡುತ್ತಾರೆ. ಅಲ್ಲಿಂದ ಅದನ್ನು ಹಿಂಡಿ, ಕಳೆದು, ಕೊನೆಗೆ kx² ≥ 0 ಅಂತ ಬಂದ ತಕ್ಷಣ "ಇದು ನಿಜ, ಆದ್ದರಿಂದ ಸಾಧಿಸಿದಂತಾಯಿತು" ಅಂತ ಮುಗಿಸುತ್ತಾರೆ. ಸಾಧಿಸಬೇಕಾದದ್ದರಿಂದಲೇ ಹೊರಟು ನಿಜಕ್ಕೆ ತಲುಪಿದರೆ ಏನೂ ಸಾಧಿಸಿದ ಹಾಗಾಗುವುದಿಲ್ಲ. 2 = 3 ಅಂತ ಶುರು ಮಾಡಿ ಎರಡೂ ಕಡೆ ಸೊನ್ನೆಯಿಂದ ಗುಣಿಸಿದರೆ 0 = 0 ಬರುತ್ತದೆ, ಅದೂ ನಿಜವೇ. ನಿಮ್ಮ ಸಾಧನೆ ಈ ಜಾತಿಯದೋ ಅಂತ ಪರೀಕ್ಷಿಸಲು ಸಾಲುಗಳನ್ನು ಕೆಳಗಿನಿಂದ ಮೇಲೆ ಓದಿ. ಪ್ರತಿ ಸಾಲೂ ಅದರ ಕೆಳಗಿನ ಸಾಲಿನಿಂದ ಬಂದರೆ ಸರಿ. ಆಗ ಅದನ್ನು ಆ ಕ್ರಮದಲ್ಲೇ ಮತ್ತೆ ಬರೆದು ಕೊಡಿ.

1+x ಮೈನಸ್ ಆದರೆ ಏನಾಗುತ್ತದೆ

ಹುಡುಗಿಯ -4ಕ್ಕೆ ವಾಪಸ್ ಬರೋಣ. n = 2 ಆದಾಗ (-3)^2 = 9, ಬಲಗಡೆ 1-8 = -7. 9 ≥ -7, ನಿಜ. ಈಗ ಎರಡೂ ಕಡೆ 1+x, ಅಂದರೆ -3 ಇಂದ ಗುಣಿಸಿ. ಎಡಗಡೆ -27, ಬಲಗಡೆ 21. ಮೊದಲು ದೊಡ್ಡದಿದ್ದದ್ದು ಈಗ ಚಿಕ್ಕದು. ಚಿಹ್ನೆ ತಿರುಗಿಬಿಟ್ಟಿತು. ಕೆಂಪು ಶಾಯಿಯ ಸುತ್ತು ಬಿದ್ದಿದ್ದದ್ದು ಸರಿಯಾಗಿ ಇದೇ ಸಾಲಿಗೆ.

ಹಾಗಾದರೆ x ಎಲ್ಲಿ -1ಕ್ಕಿಂತ ಕೆಳಗೆ ಹೋಯಿತೋ ಅಲ್ಲಿಂದ ಅಸಮತೆ ಸುಳ್ಳಾಗುತ್ತದಾ? ಇಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ನಮ್ಮ ಸಾಧನೆ ನಿಲ್ಲುತ್ತದೆ, ಅಷ್ಟೇ. ಮಾತು ಇನ್ನೂ ನಿಜವಾಗಿರಬಹುದು.

x -2ರಿಂದ -1ರ ನಡುವೆ ಇದೆ ಅಂತಿಟ್ಟುಕೊಳ್ಳಿ. ಆಗ 1+x ಎಂಬುದು -1ರಿಂದ 0ಯ ನಡುವೆ ಇರುತ್ತದೆ. ಅದನ್ನು ಎಷ್ಟು ಸಲ ತನ್ನಿಂದಲೇ ಗುಣಿಸಿದರೂ -1ಕ್ಕಿಂತ ಕೆಳಗೆ ಹೋಗಲು ಸಾಧ್ಯವಿಲ್ಲ. ಬಲಗಡೆ ನೋಡಿ: n ಎರಡೋ ಅದಕ್ಕಿಂತ ಜಾಸ್ತಿಯೋ ಆದಾಗ 1+nx ಎಂಬುದು 1-n ಗಿಂತ ಚಿಕ್ಕದು, ಅಂದರೆ -1 ಗಿಂತ ಚಿಕ್ಕದು. ಹಾಗಾಗಿ ಎಡಗಡೆಯೇ ದೊಡ್ಡದು. n = 1 ಆದರೆ ಎರಡೂ ಸಮ. ಅಂದರೆ x ≥ -2 ಇದ್ದರೂ ಎಲ್ಲ n ಗೂ ಅಸಮತೆ ನಿಲ್ಲುತ್ತದೆ, ಸಾಧನೆಯ ದಾರಿ ಮಾತ್ರ ಬೇರೆ.

ನಿಜವಾಗಿ ಎಲ್ಲಿ ಬೀಳುತ್ತದೆ ಅಂತ n = 3ಕ್ಕೆ ಪೂರ್ತಿ ನೋಡಬಹುದು. ಎಡಗಡೆಯಿಂದ ಬಲಗಡೆಯನ್ನು ಕಳೆಯಿರಿ:

(1+x)^3 - (1+3x) = 3x² + x³ = x²(3+x)

x² ಮೈನಸ್ ಆಗುವುದಿಲ್ಲ. ಹಾಗಾಗಿ ಎಲ್ಲ 3+x ಕೈಯಲ್ಲಿದೆ. x -3ಕ್ಕಿಂತ ಕೆಳಗೆ ಹೋದಾಗ ಮಾತ್ರ ಅಸಮತೆ ಬೀಳುತ್ತದೆ. -4 ಹಾಕಿದರೆ 16 × (-1) = -16, ಮೇಲೆ -27ಕ್ಕೂ -11ಕ್ಕೂ ಇದ್ದ ವ್ಯತ್ಯಾಸ ಅದೇ. ಪರೀಕ್ಷೆಯಲ್ಲಿ x ≥ -1 ಅಂತ ಕೊಟ್ಟಿರುತ್ತಾರೆ, ಅಷ್ಟೇ ಸಾಕು. ಆದರೆ ಸಾಧನೆ ಮುರಿಯುವ ಜಾಗ ಬೇರೆ, ಮಾತು ಸುಳ್ಳಾಗುವ ಜಾಗ ಬೇರೆ. ಈ ಎರಡನ್ನೂ ಒಂದೇ ಅಂದುಕೊಂಡು ಎಡವುವವರನ್ನು ತುಂಬಾ ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳಿದೆ.

ಇಂಡಕ್ಷನ್ ಇಲ್ಲದೆ, ತಿಂಗಳು ತಿಂಗಳ ಬಡ್ಡಿ ಕೂಡಿಸಿ

ಇಂಡಕ್ಷನ್ ಮಾತು ನಿಜ ಅಂತ ಹೇಳುತ್ತದೆ, ಯಾಕೆ ನಿಜ ಅಂತ ಮನಸ್ಸಿಗೆ ಮುಟ್ಟಿಸುವುದು ಕಡಿಮೆ. ನನಗೆ ಈ ಎರಡನೇ ದಾರಿಯೇ ಜಾಸ್ತಿ ಇಷ್ಟ.

ಒಂದು ರೂಪಾಯಿ ಸಾಲ. ಮೊದಲ ತಿಂಗಳ ಬಡ್ಡಿ x. ಎರಡನೇ ತಿಂಗಳ ಬಡ್ಡಿ x(1+x). ಮೂರನೆಯದು x(1+x)^2. ಹೀಗೇ n ತಿಂಗಳು. ಎಲ್ಲ ಬಡ್ಡಿ ಕೂಡಿಸಿದರೆ ಒಟ್ಟು ಬೆಳೆದ ಮೊತ್ತ:

(1+x)^n - 1 = x[1 + (1+x) + (1+x)^2 + ... + (1+x)^(n-1)]

ಆವರಣದ ಒಳಗೆ n ಪದಗಳಿವೆ. x ಧನವಾಗಿದ್ದರೆ ಪ್ರತಿ ಪದವೂ ಕನಿಷ್ಠ 1. ಒಟ್ಟು ಕನಿಷ್ಠ n. ಆದ್ದರಿಂದ ಬಡ್ಡಿ ಕನಿಷ್ಠ nx. ಮುಗಿಯಿತು.

x -1ರಿಂದ 0ಯ ನಡುವೆ ಇದ್ದರೆ ಪ್ರತಿ ಪದವೂ ಹೆಚ್ಚೆಂದರೆ 1, ಆವರಣದ ಮೊತ್ತ ಹೆಚ್ಚೆಂದರೆ n. ಅದನ್ನು ಮೈನಸ್ ಆಗಿರುವ x ಇಂದ ಗುಣಿಸಿದಾಗ ಚಿಹ್ನೆ ತಿರುಗುತ್ತದೆ, ಮತ್ತೆ ಕನಿಷ್ಠ nx ಅಂತಲೇ ಬರುತ್ತದೆ. ಇದು ಬೆಲೆ ಇಳಿಯುವ ವಸ್ತುವಿನ ಕತೆ. ಎಂಬತ್ತು ಸಾವಿರದ ಸ್ಕೂಟರ್ ವರ್ಷಕ್ಕೆ ಶೇಕಡ 15ರಂತೆ ಬೆಲೆ ಕಳೆದುಕೊಳ್ಳುತ್ತದೆ ಅನ್ನಿ. ಮೊದಲ ವರ್ಷ 12,000 ಹೋಗುತ್ತದೆ. ಎರಡನೇ ವರ್ಷ ಉಳಿದ 68,000ದ ಶೇಕಡ 15, ಅಂದರೆ 10,200 ಮಾತ್ರ ಹೋಗುತ್ತದೆ. ಎರಡು ವರ್ಷಕ್ಕೆ 57,800 ಉಳಿಯುತ್ತದೆ. ಬರ್ನೂಲಿ ಹೇಳಿದ್ದು ಕನಿಷ್ಠ 56,000. ಬೆಲೆ ಇಳಿದಂತೆ ಇಳಿಕೆಯೂ ಇಳಿಯುತ್ತದೆ, ಅದಕ್ಕೇ ಈ ಕಡೆಯೂ ಚಿಹ್ನೆ ಅದೇ.

ಇದೇ ಸ್ಕೂಟರಿಗೆ ಏಳು ವರ್ಷ ಹಾಕಿ. ಬಲಗಡೆ 1 - 7 × 0.15 = -0.05. ಸ್ಕೂಟರಿನ ಬೆಲೆ ಮೈನಸ್‌ಗಿಂತ ಜಾಸ್ತಿ ಅಂತ ಹೇಳಿದ ಹಾಗಾಯಿತು. ಮಾತು ನಿಜ, ಉಪಯೋಗ ಮಾತ್ರ ಏನೂ ಇಲ್ಲ. ನಿಜವಾದ ಉತ್ತರ 0.85^7, ಸುಮಾರು 0.32. ಹಾಗಾಗಿ x ಮೈನಸ್ ಇರುವಾಗ nx -1ರ ಹತ್ತಿರ ಬರುತ್ತಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಬಂದರೆ ಬರ್ನೂಲಿಯನ್ನು ನೇರವಾಗಿ ಹಾಕಿ ಪ್ರಯೋಜನವಿಲ್ಲ.

ಸಾಲ ಯಾವಾಗ ದುಪ್ಪಟ್ಟಾಗುತ್ತದೆ

ಕೆ.ಆರ್. ಮಾರುಕಟ್ಟೆ ಕಡೆ "ಮೀಟರ್ ಬಡ್ಡಿ" ಎಂಬ ಮಾತು ಕೇಳಿರುತ್ತೀರಿ. ಆಟೋ ಮೀಟರಿನ ಹಾಗೆ ಓಡುವ ಬಡ್ಡಿ. ವಾರಕ್ಕೆ ನೂರಕ್ಕೆ ಹತ್ತು ಅಂತಿಟ್ಟುಕೊಳ್ಳಿ. ಕಟ್ಟದೆ ಬಿಟ್ಟರೆ ಹತ್ತು ವಾರದಲ್ಲಿ? ಕ್ಯಾಲ್ಕುಲೇಟರ್ ಬೇಡ. (1+0.1)^10 ≥ 1+10 × 0.1 = 2. ದುಪ್ಪಟ್ಟಿಗೆ ಕಡಿಮೆ ಇಲ್ಲ, ನಿಂತ ಜಾಗದಲ್ಲೇ ಹೇಳಬಹುದು. ನಿಜವಾದ ಲೆಕ್ಕ 2.5937.

ನಮ್ಮ ನೂರಕ್ಕೆ ಎರಡರ ಸಾಲಕ್ಕೆ ಬರ್ನೂಲಿ 50 ತಿಂಗಳು ಅನ್ನುತ್ತದೆ, ಯಾಕೆಂದರೆ 50 × 0.02 = 1. ಆದರೆ ಕೈಯಿಂದ ಗುಣಿಸುತ್ತಾ ಹೋದರೆ 35ನೇ ತಿಂಗಳಿಗೆ ಸುಮಾರು 19,998 ರೂಪಾಯಿ 90 ಪೈಸೆ, 36ನೇ ತಿಂಗಳಿಗೆ ಇಪ್ಪತ್ತು ಸಾವಿರ ದಾಟುತ್ತದೆ. ಬರ್ನೂಲಿ ಕೊಡುವುದು ಖಾತ್ರಿ, ನಿಖರತೆ ಅಲ್ಲ. nx ಚಿಕ್ಕದಿದ್ದಾಗ ಎರಡೂ ಹತ್ತಿರ ಇರುತ್ತವೆ, nx ಒಂದರ ಹತ್ತಿರ ಬಂದಂತೆ ದೂರ ಸರಿಯುತ್ತವೆ.

ಎಷ್ಟು ದೂರ ಅಂತಲೂ ಬರ್ನೂಲಿಯಿಂದಲೇ ಹೇಳಿಸಬಹುದು. ಇದು ಪುಟ್ಟ ಉಪಾಯ, ತುಂಬಾ ಕೆಲಸಕ್ಕೆ ಬರುತ್ತದೆ. x ಧನವಾಗಿರಲಿ, nx ಒಂದಕ್ಕಿಂತ ಕಡಿಮೆ ಇರಲಿ. x ಜಾಗದಲ್ಲಿ -x ಹಾಕಿದರೆ

(1-x)^n ≥ 1-nx

(1+x)(1-x) = 1-x², ಇದು ಒಂದನ್ನು ಮೀರುವುದಿಲ್ಲ. ಹಾಗಾಗಿ (1+x)^n ಅನ್ನು (1-x)^n ಇಂದ ಗುಣಿಸಿದರೂ ಒಂದನ್ನು ಮೀರುವುದಿಲ್ಲ. ಅಂದರೆ

1+nx ≤ (1+x)^n ≤ 1/(1-nx)

ಮೂರು ತಿಂಗಳಿಗೆ ಹಾಕಿ ನೋಡಿ. ಕೆಳಗಿನ ಗಡಿ 1.06, ಮೇಲಿನ ಗಡಿ 1/0.94, ಸುಮಾರು 1.0638. ನಿಜವಾದದ್ದು 1.061208, ಎರಡರ ನಡುವೆ. ಹನ್ನೆರಡು ತಿಂಗಳಿಗೆ ಗಡಿಗಳು 1.24 ಮತ್ತು ಸುಮಾರು 1.316, ನಿಜವಾದದ್ದು 1.2682. ಬಾಯಲ್ಲಿ ಲೆಕ್ಕ ಹಾಕುವಾಗ ನೀವು ಎಷ್ಟು ತಪ್ಪಿರಬಹುದು ಅಂತ ಈಗ ನಿಮಗೇ ಗೊತ್ತು.

ವಾರ್ಷಿಕ ದರದಿಂದ ತಿಂಗಳ ದರಕ್ಕೆ ಬರುವಾಗಲೂ ಇದೇ ಅಸಮತೆ, ತಿರುಗಿಸಿ ಹಿಡಿದರೆ ಸಾಕು. (1+0.02)^12 ≥ 1.24 ಆದ್ದರಿಂದ 1.24ರ 12ನೇ ಮೂಲ 1.02ಕ್ಕಿಂತ ಜಾಸ್ತಿ ಆಗಲಾರದು. ಅಂದರೆ ವರ್ಷದ ಕೊನೆಗೆ ಒಟ್ಟು ಶೇಕಡ 24 ಬೆಳೆಯಬೇಕಾದರೆ ತಿಂಗಳಿಗೆ ಎರಡು ಬೇಕಿಲ್ಲ, ಸುಮಾರು 1.81 ಸಾಕು. ಘಾತ 1/12ರಂಥ ಭಿನ್ನರಾಶಿಯಾದಾಗ ಚಿಹ್ನೆ ಹೀಗೆ ತಿರುಗುತ್ತದೆ. n ಜಾಗದಲ್ಲಿ ಕಣ್ಣು ಮುಚ್ಚಿ ಭಿನ್ನರಾಶಿ ಹಾಕಬೇಡಿ.

0.9^n ಸೊನ್ನೆಗೆ ಹೋಗುತ್ತದೆ ಅಂತ ತೋರಿಸುವುದು

ಡಿಗ್ರಿ ಮಕ್ಕಳಿಗೆ ಇದು ಮೊದಲ ಸೆಮಿಸ್ಟರಿನಲ್ಲೇ ಎದುರಾಗುತ್ತದೆ. ಬಡ್ಡಿ ಇಲ್ಲದ ಹತ್ತು ಸಾವಿರದ ಕೈಸಾಲ, ಪ್ರತಿ ತಿಂಗಳು ಉಳಿದದ್ದರ ಹತ್ತನೇ ಒಂದು ಪಾಲು ತೀರಿಸುತ್ತೀರಿ. n ತಿಂಗಳ ನಂತರ ಉಳಿಯುವುದು 10,000 × 0.9^n. ಎಷ್ಟು ತಿಂಗಳಾದ ಮೇಲೆ ನೂರು ರೂಪಾಯಿಗಿಂತ ಕಡಿಮೆ ಆಗುತ್ತದೆ?

0.9ಕ್ಕೆ ನೇರವಾಗಿ ಬರ್ನೂಲಿ ಹಾಕಿದರೆ ಕೆಳಗಿನ ಗಡಿ ಸಿಗುತ್ತದೆ. ನಮಗೆ ಬೇಕಾದದ್ದು ಮೇಲಿನ ಗಡಿ. ಅದಕ್ಕೆ ತಲೆಕೆಳಗು ಮಾಡಿ: 0.9 = 1/(1+1/9). ಈಗ ಬರ್ನೂಲಿ ಕೆಳಗಿನ ಪದಕ್ಕೆ ಹಾಕಿ. (1+1/9)^n ≥ 1+n/9. ಆದ್ದರಿಂದ

0.9^n ≤ 9/(9+n)

n ಬೆಳೆದಂತೆ ಬಲಗಡೆ ಸೊನ್ನೆಗೆ ಹೋಗುತ್ತದೆ, ಅದರ ಕೆಳಗೆ ಸಿಕ್ಕಿಕೊಂಡ 0.9^n ಕೂಡ ಹೋಗಲೇಬೇಕು. ಲಿಮಿಟ್ ಸಾಧನೆಗೆ ಇಷ್ಟು ಸಾಕು. 0.01ಕ್ಕಿಂತ ಕಡಿಮೆ ಆಗಲು 9+n 900ಕ್ಕಿಂತ ಜಾಸ್ತಿ ಇರಬೇಕು, ಅಂದರೆ n = 892 ಸಾಕು.

ನಿಜವಾಗಿ ಬೇಕಾದದ್ದು 44 ತಿಂಗಳು. 892 ಎಲ್ಲಿ, 44 ಎಲ್ಲಿ! ಹುಡುಗಿ ಇದನ್ನು ಕೇಳಿ ಬೇಜಾರು ಮಾಡಿಕೊಂಡಳು. ಆಗ ಅವಳಿಗೆ ಹೇಳಿದೆ, ಬರ್ನೂಲಿಯನ್ನು ಒಂದೇ ಸಲ ಉದ್ದಕ್ಕೆ ಎಳೆಯಬೇಡ, ಕಂತು ಕಂತಾಗಿ ಹಾಕು. ಒಂಬತ್ತು ತಿಂಗಳ ಕಂತು ತಗೋ. (1+1/9)^9 ≥ 1+1 = 2. ಅಂದರೆ 0.9^9 ≤ 1/2. ಪ್ರತಿ ಒಂಬತ್ತು ತಿಂಗಳಿಗೆ ಸಾಲ ಕನಿಷ್ಠ ಅರ್ಧಕ್ಕೆ ಇಳಿಯುತ್ತದೆ. ಏಳು ಕಂತಿಗೆ 1/128, ಅದು ಆಗಲೇ 0.01ಕ್ಕಿಂತ ಕಡಿಮೆ. 7 × 9 = 63 ತಿಂಗಳು. ಅದೇ ಅಸಮತೆ, ಬಳಸಿದ ರೀತಿ ಬೇರೆ ಅಷ್ಟೇ, 892ರಿಂದ 63ಕ್ಕೆ ಬಂದೆವು. nx ಒಂದರ ಹತ್ತಿರ ಇರುವಷ್ಟು ಉದ್ದದ ಕಂತು ಆರಿಸಿ, ಆಮೇಲೆ ಕಂತುಗಳನ್ನು ಗುಣಿಸಿ. ನನ್ನ ಅನುಭವದಲ್ಲಿ ಪಠ್ಯದಲ್ಲಿ ಇದನ್ನು ಒತ್ತಿ ಹೇಳುವುದು ಕಡಿಮೆ.

ಬಡ್ಡಿಯನ್ನು ಪದೇ ಪದೇ ಸೇರಿಸುತ್ತಾ ಹೋದರೆ

ಕೊನೆಯದು ಬರ್ನೂಲಿಯೇ ಕೇಳಿಕೊಂಡ ಪ್ರಶ್ನೆಯ ಸುತ್ತಲಿನದು. ಒಂದು ರೂಪಾಯಿಗೆ ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ. ವರ್ಷಕ್ಕೊಮ್ಮೆ ಸೇರಿಸಿದರೆ ಎರಡು ರೂಪಾಯಿ. ಆರು ತಿಂಗಳಿಗೊಮ್ಮೆ ಅರ್ಧರ್ಧ ಸೇರಿಸಿದರೆ 2.25. ತಿಂಗಳಿಗೊಮ್ಮೆ ಸೇರಿಸಿದರೆ ಸುಮಾರು 2.613. ದಿನಕ್ಕೊಮ್ಮೆ ಆದರೆ ಸುಮಾರು 2.7146. ವರ್ಷಕ್ಕೆ n ಸಲ ಸೇರಿಸಿದರೆ

a_n = (1+1/n)^n

ಬರ್ನೂಲಿ ಅಸಮತೆ ನೇರವಾಗಿ ಹಾಕಿದರೆ a_n ≥ 2 ಅಂತ ಮಾತ್ರ ಬರುತ್ತದೆ. ಪ್ರತಿ ಸಲ ಬೆಳೆಯುತ್ತಲೇ ಹೋಗುತ್ತದೆ ಅಂತ ಸಾಧಿಸಲು a_n ಅನ್ನು ಹಿಂದಿನ a_(n-1) ಇಂದ ಭಾಗಿಸಿ, n ಎರಡೋ ಜಾಸ್ತಿಯೋ ಇರಲಿ. a_n ಅಂದರೆ ((n+1)/n)^n. a_(n-1) ಅಂದರೆ (n/(n-1))^(n-1). ಭಾಗಿಸಿದಾಗ n-1 ಘಾತ ಅಡ್ಡಿ ಮಾಡುತ್ತದೆ, ಹಾಗಾಗಿ ಒಂದು n/(n-1) ಅನ್ನು ಹೊರಗೆ ತೆಗೆದು ಉಳಿದದ್ದನ್ನೆಲ್ಲ n ಘಾತಕ್ಕೆ ತನ್ನಿ:

a_n / a_(n-1) = ((n²-1)/n²)^n × n/(n-1) = (1 - 1/n²)^n × n/(n-1)

ಈಗ x = -1/n². ಇದು ಮೈನಸ್, ಆದರೆ -1ಕ್ಕಿಂತ ಮೇಲೆಯೇ ಇದೆ. ಈ ಮಾತನ್ನು ಉತ್ತರದಲ್ಲಿ ಬರೆಯಲೇಬೇಕು. x ಧನವಾಗಿದ್ದರೆ ಸಾಕಲ್ವಾ, -1ರವರೆಗೆ ಯಾಕೆ ಎಳೆದರು ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ಬರ್ನೂಲಿ ಹಾಕಿದರೆ

(1 - 1/n²)^n > 1 - n × 1/n² = 1 - 1/n = (n-1)/n

ಇಲ್ಲಿ ಸಮ ಆಗುವುದಿಲ್ಲ, ಯಾಕೆಂದರೆ x ಸೊನ್ನೆ ಅಲ್ಲ, n ಒಂದಲ್ಲ. (n-1)/n ಅನ್ನು n/(n-1) ಇಂದ ಗುಣಿಸಿದರೆ ಸರಿಯಾಗಿ 1. ಆದ್ದರಿಂದ a_n > a_(n-1). ಎಷ್ಟು ಜಾಸ್ತಿ ಸಲ ಬಡ್ಡಿ ಸೇರಿಸುತ್ತೀರೋ ಅಷ್ಟು ಜಾಸ್ತಿ.

ಹಾಗಂತ ಸೆಕೆಂಡಿಗೊಮ್ಮೆ ಸೇರಿಸಿದರೆ ಸಾಲ ಮುಗಿಲು ಮುಟ್ಟುತ್ತದಾ? ಮುಟ್ಟುವುದಿಲ್ಲ. ಅದಕ್ಕೆ ಒಂದು ಘಾತ ಜಾಸ್ತಿ ಇರುವ ಇನ್ನೊಂದು ಸಾಲನ್ನು ಪಕ್ಕದಲ್ಲಿ ನಿಲ್ಲಿಸಿ: b_n = (1+1/n)^(n+1). ಇದು a_n ಗಿಂತ ಯಾವಾಗಲೂ ದೊಡ್ಡದು. ಮೊದಲಿನ ಹಾಗೇ ಭಾಗಿಸಿದರೆ

b_(n-1) / b_n = (1 + 1/(n²-1))^n × n/(n+1)

ಬರ್ನೂಲಿ ಪ್ರಕಾರ ಮೊದಲ ಪದ ಕನಿಷ್ಠ 1 + n/(n²-1). n² - 1 ಬದಲು n² ಹಾಕಿದರೆ ಅದು ಇನ್ನೂ ಚಿಕ್ಕದಾಗುತ್ತದೆ, ಅಂದರೆ ಮೊದಲ ಪದ 1 + 1/n ಗಿಂತ ದೊಡ್ಡದು. 1 + 1/n ಅಂದರೆ (n+1)/n. ಅದನ್ನು n/(n+1) ಇಂದ ಗುಣಿಸಿದರೆ 1. ಹಾಗಾಗಿ b_(n-1) > b_n, b ಇಳಿಯುತ್ತಾ ಹೋಗುತ್ತದೆ.

a ಏರುತ್ತದೆ, b ಇಳಿಯುತ್ತದೆ, a ಯಾವತ್ತೂ b ಗಿಂತ ಕೆಳಗೆ. b_5 ಲೆಕ್ಕ ಹಾಕಿ: 1.2^6 = 2.985984. n ಐದನ್ನು ದಾಟಿದ ಮೇಲೆ a_n < b_n < b_5. ಐದರವರೆಗಿನ a ಗಳು a_5 ಅನ್ನು ಮೀರುವುದಿಲ್ಲ, a_5 ಅಂತೂ b_5 ಗಿಂತ ಚಿಕ್ಕದು. ಹಾಗಾಗಿ ಎಷ್ಟೇ ಸಲ ಬಡ್ಡಿ ಸೇರಿಸಿದರೂ ಒಂದು ರೂಪಾಯಿ ಮೂರು ರೂಪಾಯಿ ಮುಟ್ಟುವುದಿಲ್ಲ. ಏರುತ್ತಾ ಹೋಗಿ ಗಡಿ ದಾಟದ ಸಾಲು ಒಂದು ಕಡೆ ನಿಲ್ಲಲೇಬೇಕು. ಅದು ನಿಲ್ಲುವ ಜಾಗಕ್ಕೇ e ಅಂತ ಹೆಸರು, 2.71828ರ ಹತ್ತಿರ.

ಆ ಹುಡುಗಿ b_n ಭಾಗಾಕಾರವನ್ನು ಬೋರ್ಡಿನ ಮೇಲೆ ತಾನೇ ಬಿಡಿಸಿದಳು. ಬರ್ನೂಲಿ ಹಾಕುವ ಸಾಲಿಗೆ ಬಂದಾಗ ಒಂದು ಕ್ಷಣ ನಿಂತು ಪಕ್ಕದಲ್ಲಿ ಚಿಕ್ಕದಾಗಿ ಬರೆದಳು: "x = 1/(n²-1), n ≥ 2, ಆದ್ದರಿಂದ x > -1".